ಮಾತ್ರೆಗೆ ಬೇಕಾದ ಜೊತೆ ತಿಂಡಿ

ರಾತ್ರಿ ಊಟ ಮುಗಿಸಿ, ಅಡುಗೆಮನೆ ಒರೆಸಿ, ಬಾಗಿಲ ಚಿಲಕ ಹಾಕಿ, ಇನ್ನೇನು ಮಲಗಬೇಕು ಎನ್ನುವಾಗ ಬಿಪಿ ಮಾತ್ರೆಯ ಜೊತೆಗೆ ಒಂದು ಗ್ಯಾಸ್ಟ್ರಿಕ್ ಮಾತ್ರೆಯನ್ನೂ ನುಂಗುವುದು ಎಷ್ಟೋ ಮನೆಗಳ ರೂಢಿ. ಎದೆಯುರಿ ಕಾಡುವುದು ಮಲಗಿದ ಮೇಲೆ, ಹಾಗಾಗಿ ಮಾತ್ರೆಯನ್ನೂ ಮಲಗುವ ಹೊತ್ತಿಗೇ ತೆಗೆದುಕೊಳ್ಳೋಣ ಎಂಬುದು ಇದರ ಹಿಂದಿನ ಲೆಕ್ಕ. ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುವ ಲೆಕ್ಕವಿದು. ಆದರೂ ತಿಂಗಳುಗಟ್ಟಲೆ ಹೀಗೆ ನುಂಗಿದವರಲ್ಲಿ ಹಲವರು ಮತ್ತೆ ವೈದ್ಯರ ಮುಂದೆ ಕುಳಿತು, ಮಾತ್ರೆ ತೆಗೆದುಕೊಂಡರೂ ಉರಿ ಹೋಗಿಲ್ಲ, ಹುಳಿತೇಗು ನಿಂತಿಲ್ಲ ಎನ್ನುತ್ತಾರೆ. ಆಗ ಮಾತ್ರೆ ಬದಲಾಗುತ್ತದೆ, ಇಲ್ಲವೇ ಪ್ರಮಾಣ ದುಪ್ಪಟ್ಟಾಗುತ್ತದೆ, ಕೆಲವೊಮ್ಮೆ ಎಂಡೋಸ್ಕೋಪಿಯವರೆಗೂ ಮಾತು ಹೋಗುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಮಾತ್ರೆ ನುಂಗಿ ಎಷ್ಟು ಹೊತ್ತಿನ ಮೇಲೆ ಊಟ ಮಾಡಿದಿರಿ? ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಇಸೊಮೆಪ್ರಜೋಲ್ ಮುಂತಾಗಿ ‘ಪ್ರಜೋಲ್’ ಎಂದು ಮುಗಿಯುವ ಔಷಧಿಗಳಲ್ಲಿ ಈ ಪ್ರಶ್ನೆಯ ಉತ್ತರವೇ ಪರಿಣಾಮದ ದೊಡ್ಡ ಪಾಲನ್ನು ನಿರ್ಧರಿಸುತ್ತದೆ. ಈ ಮಾತ್ರೆಗಳು ಹೊಟ್ಟೆಯಲ್ಲಿ ಈಗಾಗಲೇ ಇರುವ ಆಮ್ಲವನ್ನು ತಣಿಸುವುದಿಲ್ಲ. ಆಮ್ಲ ಹುಟ್ಟುವ ಜಾಗವನ್ನು ಮುಚ್ಚುತ್ತವೆ, ಅದೂ ಆ ಜಾಗ ಕೆಲಸ ಮಾಡುತ್ತಿರುವಾಗ ಮಾತ್ರ.

ಜಠರದ ಒಳಗೋಡೆಯಲ್ಲಿ ಆಮ್ಲ ಸ್ರವಿಸುವುದಕ್ಕೆಂದೇ ಇರುವ ಕೋಶಗಳಿವೆ. ಅವುಗಳಲ್ಲಿ ಪ್ರೋಟಾನ್ ಪಂಪ್ ಎಂಬ ಪ್ರೋಟೀನ್ ಯಂತ್ರಗಳಿರುತ್ತವೆ. ಪೊಟ್ಯಾಸಿಯಂ ಅಯಾನನ್ನು ಒಳಕ್ಕೆ ಎಳೆದುಕೊಂಡು ಹೈಡ್ರೋಜನ್ ಅಯಾನನ್ನು, ಅಂದರೆ ಆಮ್ಲದ ಸಾರವನ್ನು, ಹೊರಕ್ಕೆ ತಳ್ಳುವುದು ಈ ಪಂಪುಗಳ ಕೆಲಸ. ಹೊಟ್ಟೆ ಖಾಲಿಯಿದ್ದು ಸುಮ್ಮನಿರುವಾಗ ಇವುಗಳಲ್ಲಿ ಹೆಚ್ಚಿನವು ಕೋಶದ ಒಳಗೇ ಸಣ್ಣ ಚೀಲಗಳಲ್ಲಿ ಮಡಚಿಟ್ಟ ಹಾಗೆ ಇರುತ್ತವೆ. ಊಟದ ವಾಸನೆ ಮೂಗಿಗೆ ಬಡಿದಾಗ, ತುತ್ತು ಬಾಯಿಗೆ ಬಂದಾಗ, ಆಹಾರ ಜಠರವನ್ನು ಹಿಗ್ಗಿಸಿದಾಗ ನರಗಳೂ ಗ್ಯಾಸ್ಟ್ರಿನ್ ಎಂಬ ಹಾರ್ಮೋನೂ ಹಿಸ್ಟಮಿನ್ ಎಂಬ ರಾಸಾಯನಿಕವೂ ಕೋಶಕ್ಕೆ ಸೂಚನೆ ಕಳಿಸುತ್ತವೆ. ಕೂಡಲೇ ಆ ಚೀಲಗಳು ಕೋಶದ ಅಂಚಿಗೆ ಸರಿದು, ಅಲ್ಲಿನ ಕಿರುಗಾಲುವೆಗಳ ಗೋಡೆಯಲ್ಲಿ ಬೆರೆತುಹೋಗುತ್ತವೆ. ಪಂಪುಗಳು ಕಾಲುವೆಗೆ ಮುಖ ಮಾಡಿ ನಿಂತು ಆಮ್ಲ ಸುರಿಯತೊಡಗುತ್ತವೆ. ಊಟ ಅರಗುತ್ತ ಬಂದ ಹಾಗೆ ಅವು ಮತ್ತೆ ಒಳಕ್ಕೆ ಹೋಗಿ ಮಡಚಿಕೊಳ್ಳುತ್ತವೆ. ದಿನದಲ್ಲಿ ಕೆಲವು ಸಲ ನಡೆಯುವ ಈ ಹೊರಬರುವಿಕೆ, ಒಳಸೇರುವಿಕೆಯೇ ನಮ್ಮ ಇಡೀ ಕಥೆಯ ಮೂಲ.

ಈಗ ಔಷಧಿಯ ಕಡೆಯಿಂದ ನೋಡೋಣ. ಓಮೆಪ್ರಜೋಲ್ ಕ್ಯಾಪ್ಸೂಲನ್ನು ಬಿಡಿಸಿದರೆ ಒಳಗೆ ಪುಡಿ ಕಾಣುವುದಿಲ್ಲ, ಸಾಸಿವೆಗಿಂತ ದೊಡ್ಡದಲ್ಲದ ಗುಂಡು ಗುಂಡು ಕಾಳುಗಳು ಅಂಗೈಯಲ್ಲಿ ಉರುಳಾಡುತ್ತವೆ. ಪ್ರತಿ ಕಾಳಿಗೂ ಒಂದು ಲೇಪವಿದೆ. ಅದು ಅಂದಕ್ಕೆ ಹಚ್ಚಿದ್ದಲ್ಲ. ಆಮ್ಲವನ್ನು ತಡೆಯಲು ಬಂದ ಈ ಔಷಧಿಯನ್ನು ಆಮ್ಲವೇ ಕೆಡಿಸಿಬಿಡುತ್ತದೆ. ಹಾಗಾಗಿ ಜಠರದಲ್ಲಿ ಕರಗದ, ಅದನ್ನು ದಾಟಿ ಸಣ್ಣಕರುಳಿಗೆ ಬಂದ ಮೇಲೆ ಮಾತ್ರ ಕರಗುವ ಲೇಪ ಬೇಕು. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯಾದರೆ ಇಡೀ ಮಾತ್ರೆಗೇ ಇಂಥ ಲೇಪವಿರುತ್ತದೆ. ಅದನ್ನು ಅಗಿಯಬಾರದು, ಪುಡಿ ಮಾಡಬಾರದು ಎನ್ನುವುದು ಇದಕ್ಕಾಗಿಯೇ. ಕರುಳಿನಲ್ಲಿ ಕರಗಿದ ಔಷಧಿ ರಕ್ತಕ್ಕೆ ಸೇರಿ, ಸುತ್ತು ಹೊಡೆದು, ಜಠರದ ಕೋಶಗಳಿಗೆ ಹಿಂಬಾಗಿಲಿನಿಂದ ಬರುತ್ತದೆ. ಅಲ್ಲಿಯವರೆಗೂ ಅದು ನಿಷ್ಕ್ರಿಯ. ಆಮ್ಲ ಹರಿಯುತ್ತಿರುವ ಕಿರುಗಾಲುವೆಗೆ ಕಾಲಿಟ್ಟಾಗ ಅದು ಅಲ್ಲೇ ಸಿಕ್ಕಿಕೊಂಡು, ರಕ್ತದಲ್ಲಿರುವುದಕ್ಕಿಂತ ನೂರಾರು ಪಟ್ಟು ಹೆಚ್ಚು ಶೇಖರವಾಗಿ, ಆಮ್ಲದ ಸ್ಪರ್ಶದಿಂದಲೇ ರೂಪ ಬದಲಿಸಿ, ಪಕ್ಕದಲ್ಲಿ ಓಡುತ್ತಿರುವ ಪಂಪಿಗೆ ಬಿಡಿಸಲಾಗದ ಹಾಗೆ ಅಂಟಿಕೊಳ್ಳುತ್ತದೆ. ಸ್ವೀಡನ್ನಿನ ಪ್ರಯೋಗಾಲಯದಲ್ಲಿ 1979ರಲ್ಲಿ ಸಿದ್ಧವಾಗಿ 1988ರಲ್ಲಿ ಮಾರುಕಟ್ಟೆಗೆ ಬಂದ ಓಮೆಪ್ರಜೋಲ್‌ನ ಜಾಣತನ ಇದೇ. ದೇಹದ ಬೇರೆಲ್ಲೂ ಇಷ್ಟು ಆಮ್ಲೀಯವಾದ ಜಾಗ ಸಿಗುವುದು ಅಪರೂಪವಾದ್ದರಿಂದ ಅದು ಬೇರೆ ಕಡೆ ಹೆಚ್ಚೇನೂ ಮಾಡದೆ ಇಲ್ಲಿ ಮಾತ್ರ ಕೆಲಸ ಮಾಡುತ್ತದೆ.

ಆದರೆ ಆ ಜಾಣತನವೇ ಅದರ ಮಿತಿಯೂ ಹೌದು. ಆಮ್ಲ ಹರಿಯದ ಕಾಲುವೆಯಲ್ಲಿ ಔಷಧಿ ಶೇಖರವಾಗುವುದಿಲ್ಲ, ರೂಪ ಬದಲಿಸುವುದಿಲ್ಲ. ಮಡಚಿಕೊಂಡು ಒಳಗೆ ಮಲಗಿರುವ ಪಂಪು ಅದರ ಕೈಗೆ ಸಿಗುವುದೇ ಇಲ್ಲ. ನೀರು ಎತ್ತುತ್ತಿರುವ ಪಂಪ್‌ಸೆಟ್ಟನ್ನು ಸದ್ದಿನಿಂದಲೇ ಗುರುತಿಸಿ ಬಂದ್ ಮಾಡುತ್ತ ಹೋಗುವವನು ಕರೆಂಟಿಲ್ಲದ ಹೊತ್ತಿನಲ್ಲಿ ತೋಟ ಸುತ್ತಿದರೆ ಏನಾಗುತ್ತದೋ ಹಾಗೆ. ಇನ್ನೊಂದು ವಿಷಯವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಈ ಔಷಧಿಗಳು ರಕ್ತದಲ್ಲಿ ನಿಲ್ಲುವುದು ಬಹಳ ಕಡಿಮೆ ಹೊತ್ತು. ಹೆಚ್ಚಿನವರಲ್ಲಿ ಒಂದರಿಂದ ಒಂದೂವರೆ ಗಂಟೆಗೊಮ್ಮೆ ರಕ್ತದಲ್ಲಿನ ಪ್ರಮಾಣ ಅರ್ಧಕ್ಕರ್ಧ ಇಳಿಯುತ್ತ ಹೋಗುತ್ತದೆ. ಮಾತ್ರೆಯ ಪರಿಣಾಮ ದಿನವಿಡೀ ಇರುವುದು ಅದು ರಕ್ತದಲ್ಲಿ ದಿನವಿಡೀ ಇರುವುದರಿಂದಲ್ಲ. ಅಂಟಿಕೊಂಡ ಪಂಪು ಅಷ್ಟು ಹೊತ್ತು ಕೆಟ್ಟು ಕೂರುತ್ತದೆ, ಹೊಸ ಪಂಪು ತಯಾರಾಗಿ ಬರುವುದಕ್ಕೆ ಸಮಯ ಹಿಡಿಯುತ್ತದೆ, ಅದರಿಂದ. ಹಾಗಾಗಿ ಔಷಧಿಗೆ ಸಿಗುವ ಅವಕಾಶದ ಕಿಂಡಿ ಕೆಲವೇ ಗಂಟೆಗಳದು. ಆ ಕಿಂಡಿ ತೆರೆದಿರುವಾಗ ಎಷ್ಟು ಪಂಪುಗಳು ಓಡುತ್ತಿವೆಯೋ ಅಷ್ಟು ಮುಚ್ಚಿದವು. ಓಡದೆ ಉಳಿದವು ಮುಂದಿನ ಊಟಕ್ಕೆ ಎಂದಿನಂತೆ ಆಮ್ಲ ಸುರಿಯಲು ಸಿದ್ಧವಾಗಿರುತ್ತವೆ.

ಬೆಳಗಿನ ತಿಂಡಿಗೆ ಇಷ್ಟು ಮಹತ್ವ ಬರುವುದು ಇಲ್ಲಿಯೇ. ರಾತ್ರಿಯಿಡೀ ಉಪವಾಸವಿದ್ದ ಹೊಟ್ಟೆಯಲ್ಲಿ ಹೊಸದಾಗಿ ತಯಾರಾದ ಪಂಪುಗಳೂ ಸೇರಿ ದಿನದ ಅತಿ ದೊಡ್ಡ ದಾಸ್ತಾನು ಕಾದು ಕುಳಿತಿರುತ್ತದೆ. ದಿನದ ಮೊದಲ ಆಹಾರ ಬಿದ್ದಾಗ ಅದರಲ್ಲಿ ಬಹುಪಾಲು ಒಮ್ಮೆಗೇ ಎದ್ದು ಕಾಲುವೆಗೆ ಬರುತ್ತದೆ. ಆ ಹೊತ್ತಿಗೆ ಔಷಧಿ ರಕ್ತದಲ್ಲಿ ಹಾಜರಿರಬೇಕು. ಆಗಷ್ಟೇ ಬಂದು ಸೇರುವಂತಿರಬೇಕು, ಬಂದು ಹೋಗಿಬಿಟ್ಟಿರಬಾರದು. ಖಾಲಿ ಹೊಟ್ಟೆಯಲ್ಲಿ ನುಂಗಿದ ಮಾತ್ರೆ ಜಠರ ದಾಟಿ, ಲೇಪ ಕರಗಿ, ರಕ್ತಕ್ಕೆ ಸೇರತೊಡಗಲು ಅರ್ಧ ಗಂಟೆಯಾದರೂ ಬೇಕು. ರಕ್ತದಲ್ಲಿ ಅದರ ಪ್ರಮಾಣ ಉತ್ತುಂಗ ಮುಟ್ಟುವುದು ಔಷಧಿಯನ್ನು ಅವಲಂಬಿಸಿ ಸುಮಾರು ಒಂದರಿಂದ ಎರಡೂವರೆ ಗಂಟೆಯ ಹೊತ್ತಿಗೆ. ಎಂಟು ಗಂಟೆಗೆ ಮಾತ್ರೆ, ಎಂಟೂವರೆಗೆ ಇಡ್ಲಿ ಎಂದಿಟ್ಟುಕೊಂಡರೆ, ಒಂಬತ್ತರಿಂದ ಹತ್ತೂವರೆಯ ನಡುವೆ ಪಂಪುಗಳೂ ಭರದಿಂದ ಓಡುತ್ತಿರುತ್ತವೆ, ಔಷಧಿಯೂ ರಕ್ತದಲ್ಲಿ ತುಂಬಿರುತ್ತದೆ. ಎರಡರ ಭೇಟಿಯಾಗುತ್ತದೆ. ಅರ್ಧ ಗಂಟೆ ಎಂಬುದು ಗಡಿಯಾರ ನೋಡಿ ಸೆಕೆಂಡು ಎಣಿಸುವ ಮಾತಲ್ಲ. ಮೂವತ್ತರಿಂದ ಅರವತ್ತು ನಿಮಿಷದ ಒಳಗೆ ಎಲ್ಲಿದ್ದರೂ ಈ ಭೇಟಿ ತಪ್ಪುವುದಿಲ್ಲ.

ಇದೇ ಮಾತ್ರೆಯನ್ನು ಮಲಗುವ ಮುನ್ನ ತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನು ಗಂಟೆ ಗಂಟೆಯಾಗಿ ನೋಡೋಣ. ಒಬ್ಬರು ರಾತ್ರಿ ಒಂಬತ್ತೂವರೆಗೆ ಮುದ್ದೆ, ಸೊಪ್ಪಿನ ಸಾರು ಉಂಡು ಹತ್ತೂವರೆಗೆ 40 ಮಿಲಿಗ್ರಾಂನ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗುತ್ತಾರೆ ಎನ್ನಿ. ಆಗ ಹೊಟ್ಟೆ ತುಂಬಿದೆ. ತುಂಬಿದ ಜಠರದ ಬಾಗಿಲು ಅರೆದು ನೀರಾದ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ, ಕರಗದ ಇಡೀ ಮಾತ್ರೆಯನ್ನು ತಡೆದು ಹಿಡಿಯುತ್ತದೆ. ಹೊಟ್ಟೆ ಬಹುಮಟ್ಟಿಗೆ ಖಾಲಿಯಾದ ಮೇಲೆ ಬರುವ, ಗುಡಿಸಿ ಹಾಕುವಂಥ ಬಲವಾದ ಅಲೆಗಳೇ ಅದನ್ನು ಕರುಳಿಗೆ ದೂಡಬೇಕು. ಅದಕ್ಕೆ ಮೂರು ಗಂಟೆ ಹಿಡಿಯಿತು ಎಂದಿಟ್ಟುಕೊಂಡರೂ ಔಷಧಿ ರಕ್ತದಲ್ಲಿ ತುಂಬುವ ಹೊತ್ತಿಗೆ ರಾತ್ರಿ ಎರಡು ಗಂಟೆ ಮೀರಿರುತ್ತದೆ. ಊಟ ಎಬ್ಬಿಸಿದ್ದ ಪಂಪುಗಳು ಅಷ್ಟರಲ್ಲಿ ಒಳಗೆ ಹೋಗಿ ಮಲಗಿವೆ. ಇನ್ನು ಬೆಳಗಿನ ಎಂಟೂವರೆಯ ತಿಂಡಿಯವರೆಗೆ ಕಾಯೋಣವೆಂದರೆ ನಡುವೆ ಆರು ಗಂಟೆಗಳಿವೆ. ಒಂದೂವರೆ ಗಂಟೆಗೊಮ್ಮೆ ಅರ್ಧವಾಗುವ ಲೆಕ್ಕದಲ್ಲಿ ಆರು ಗಂಟೆಯಲ್ಲಿ ಔಷಧಿ ನಾಲ್ಕು ಸಲ ಅರ್ಧವಾಗಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ರಾತ್ರಿಯ ಊಟದ ಪಂಪುಗಳು ಮಲಗಿದ ಮೇಲೆ ಬಂದು, ಬೆಳಗಿನ ತಿಂಡಿಯ ಪಂಪುಗಳು ಏಳುವ ಮೊದಲೇ ಹೊರಟುಹೋಯಿತು. ಮಾತ್ರೆ ನಕಲಿಯಲ್ಲ, ಕಾಯಿಲೆ ವಿಚಿತ್ರವಾದದ್ದಲ್ಲ, ಹೊತ್ತು ಮಾತ್ರ ತಪ್ಪಿದೆ. ವ್ಯಕ್ತಿಯಿಂದ ವ್ಯಕ್ತಿಗೆ, ಊಟದಿಂದ ಊಟಕ್ಕೆ ಈ ಗಂಟೆಗಳು ಹಿಂದುಮುಂದಾಗುತ್ತವೆ ನಿಜ, ಒಟ್ಟು ಚಿತ್ರ ಮಾತ್ರ ಹೀಗೆಯೇ ಇರುತ್ತದೆ.

ಇದು ಬರೀ ಕಾಗದದ ಮೇಲಿನ ತರ್ಕವಲ್ಲ. ತಿಂಡಿಗೆ ಮೊದಲು ಮಾತ್ರೆ ಕೊಟ್ಟಾಗ ಮತ್ತು ಮಾತ್ರೆ ಕೊಟ್ಟು ತಿಂಡಿಯನ್ನೇ ಕೊಡದಿದ್ದಾಗ ಜಠರದ ಆಮ್ಲೀಯತೆ ಹೇಗಿರುತ್ತದೆ ಎಂದು ಮೂಗಿನ ಮೂಲಕ ಇಳಿಸಿದ ತೆಳುವಾದ ಅಳತೆ ತಂತಿಯಿಂದ ನೋಡಿದ ಒಂದು ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಬಳಸಿದ್ದು ಓಮೆಪ್ರಜೋಲ್ ಮತ್ತು ಲಾನ್ಸೊಪ್ರಜೋಲ್. ಪಿಎಚ್ ನಾಲ್ಕಕ್ಕಿಂತ ಕೆಳಗಿಳಿದರೆ ಆಮ್ಲ ಜೋರಾಗಿದೆ ಎಂದು ಲೆಕ್ಕ. ತಿಂಡಿ ತಿಂದವರಲ್ಲಿ ಹಗಲಿನ ಅವಧಿಯ ಸುಮಾರು ಶೇ 17ರಷ್ಟು ಸಮಯ ಮಾತ್ರ ಹಾಗಿತ್ತು, ಮಧ್ಯಾಹ್ನದವರೆಗೆ ಏನೂ ತಿನ್ನದಿದ್ದಾಗ ಅದು ಸುಮಾರು ಶೇ 42ಕ್ಕೆ ಏರಿತು. ಮಾತ್ರೆ ಅದೇ, ಪ್ರಮಾಣ ಅದೇ, ಹೊಟ್ಟೆ ಎರಡೂ ಕಡೆ ಖಾಲಿಯೇ. ವ್ಯತ್ಯಾಸವಿದ್ದದ್ದು ಹಿಂದೆಯೇ ಬಂದ ಊಟದಲ್ಲಿ. ‘ಖಾಲಿ ಹೊಟ್ಟೆಗೆ ತೆಗೆದುಕೊಳ್ಳಿ’ ಎಂದು ನಾವು ಕೇಳುತ್ತ ಬಂದಿರುವುದು ಅರ್ಧ ಸಲಹೆ ಮಾತ್ರ ಎಂಬುದನ್ನು ಈ ಅಂಕಿಗಳು ಚೆನ್ನಾಗಿ ತೋರಿಸುತ್ತವೆ. ಆರು ಗಂಟೆಗೆ ಎದ್ದು ಮಾತ್ರೆ ನುಂಗಿ, ಸ್ನಾನ ಪೂಜೆ ಮುಗಿಸಿ ಹತ್ತು ಗಂಟೆಗೆ ತಿಂಡಿಗೆ ಕೂರುವವರು ಖಾಲಿ ಹೊಟ್ಟೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿಯೂ ಮಾತ್ರೆಯ ಬಹುಪಾಲು ಶಕ್ತಿಯನ್ನು ಕಳೆದುಕೊಂಡಿರುತ್ತಾರೆ. ಖಾಲಿ ಹೊಟ್ಟೆ ಮಾತ್ರೆಗೆ ದಾರಿ ಬಿಡುತ್ತದೆ, ಅದಕ್ಕೆ ಕೆಲಸ ಕೊಡುವುದು ಊಟ.

ತಪ್ಪು ಹೊತ್ತು ಎಷ್ಟು ಸಾಮಾನ್ಯ ಎಂಬುದಕ್ಕೆ 2006ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನ ಸಾಕ್ಷಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಎದೆಯುರಿ ನಿಲ್ಲದೆ ತಜ್ಞರ ಬಳಿಗೆ ಬಂದ ನೂರು ಮಂದಿಯನ್ನು, ಯಾವ ಹೊತ್ತಿಗೆ ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ವಿಚಾರಿಸಲಾಯಿತು. ಸರಿಯಾದ ಹೊತ್ತಿಗೆ ತೆಗೆದುಕೊಳ್ಳುತ್ತಿದ್ದವರು 46 ಮಂದಿ ಮಾತ್ರ. ಉಳಿದ 54 ಮಂದಿಯಲ್ಲಿ 21 ಮಂದಿ ಊಟಕ್ಕೆ ಒಂದು ಗಂಟೆಗೂ ಮೊದಲೇ ನುಂಗುತ್ತಿದ್ದರು, 16 ಮಂದಿ ಊಟವಾದ ಮೇಲೆ, 15 ಮಂದಿ ಮಲಗುವ ಹೊತ್ತಿಗೆ, ಇಬ್ಬರು ಉರಿ ಬಂದಾಗಷ್ಟೇ. ಔಷಧಿ ಸೋತಿದೆ ಎಂದು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಔಷಧಿಗೆ ಸರಿಯಾದ ಅವಕಾಶವೇ ಸಿಕ್ಕಿರಲಿಲ್ಲ. ಈ ನೂರು ಮಂದಿಯ ಲೆಕ್ಕವನ್ನು ಎಲ್ಲ ದೇಶಕ್ಕೂ ಹಾಗೆಯೇ ಅನ್ವಯಿಸಲಾಗದು. ಆದರೆ ಚೀಟಿಯಲ್ಲಿ 1-0-0 ಎಂದು ಮಾತ್ರ ಬರೆದು, ಔಷಧಿ ಅಂಗಡಿಯಲ್ಲಿ ‘ಊಟಕ್ಕೆ ಮೊದಲು’ ಎಂಬ ಎರಡೇ ಪದಗಳಲ್ಲಿ ಮುಗಿಸುವ ನಮ್ಮಲ್ಲಿಯೂ ಇದೇ ತಪ್ಪುಗಳಿಗೆ ದಾರಿ ತೆರೆದೇ ಇದೆ. ಅಮೆರಿಕದ ಜಠರರೋಗ ತಜ್ಞರ ಕಾಲೇಜು 2022ರಲ್ಲಿ ಹೊರತಂದ ಮಾರ್ಗಸೂಚಿ ಈ ಕಾರಣಕ್ಕೇ ಸ್ಪಷ್ಟವಾಗಿ ಹೇಳಿತು: ಈ ಮಾತ್ರೆಗಳನ್ನು ಮಲಗುವಾಗ ಕೊಡುವ ಬದಲು ಊಟಕ್ಕೆ 30ರಿಂದ 60 ನಿಮಿಷ ಮೊದಲು ಕೊಡಬೇಕು.

ಇಲ್ಲಿ ಏಳುವ ಮೊದಲ ಆಕ್ಷೇಪ ಸಹಜವಾದದ್ದು. ನನಗೆ ಉರಿ ಬರುವುದೇ ರಾತ್ರಿ, ಬೆಳಿಗ್ಗೆ ನುಂಗಿದ ಮಾತ್ರೆ ರಾತ್ರಿಗೆ ಹೇಗೆ ಉಪಯೋಗವಾದೀತು? ಮೇಲೆ ಹೇಳಿದಂತೆ, ಬೆಳಿಗ್ಗೆ ಮುಚ್ಚಿದ ಪಂಪು ಸಂಜೆಗೂ ಮುಚ್ಚಿಯೇ ಇರುತ್ತದೆ, ಆದ್ದರಿಂದ ಬೆಳಗಿನ ಮಾತ್ರೆಯ ಫಲ ರಾತ್ರಿಗೂ ಬಹುಮಟ್ಟಿಗೆ ತಲುಪುತ್ತದೆ. ಆದರೂ ದಿನವಿಡೀ ಹೊಸ ಪಂಪುಗಳು ತಯಾರಾಗುತ್ತಿರುವುದರಿಂದ ರಾತ್ರಿಯ ಹೊತ್ತಿಗೆ ರಕ್ಷಣೆ ಸ್ವಲ್ಪ ಸಡಿಲವಾಗುವುದೂ ನಿಜ. ರಾತ್ರಿ ಊಟವಿಲ್ಲದಿದ್ದರೂ ಹಿಸ್ಟಮಿನ್‌ನ ಪ್ರಚೋದನೆಯಿಂದ ಒಂದಿಷ್ಟು ಆಮ್ಲ ಬರುತ್ತಲೇ ಇರುತ್ತದೆ. ಅದನ್ನು ಹೀರಿಕೊಳ್ಳಲು ಹೊಟ್ಟೆಯಲ್ಲಿ ಆಹಾರವಿಲ್ಲ, ಮೇಲೆ ಬಂದ ಆಮ್ಲವನ್ನು ಕೆಳಕ್ಕೆ ಇಳಿಸಲು ನಿಂತ ಭಂಗಿಯಿಲ್ಲ, ತೊಳೆಯಲು ನುಂಗುವ ಜೊಲ್ಲಿಲ್ಲ. ಸ್ವಲ್ಪವೇ ಆಮ್ಲ ರಾತ್ರಿ ಅಷ್ಟು ಹೆಚ್ಚು ಸುಡುವುದು ಅದಕ್ಕೇ. ಆದರೆ ಇದರಿಂದ ಹೊರಡುವ ತೀರ್ಮಾನ ಮಾತ್ರೆಯನ್ನು ಮಲಗುವ ಹೊತ್ತಿಗೆ ತಳ್ಳಬೇಕು ಎಂಬುದಲ್ಲ, ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು ತರಬೇಕು ಎಂಬುದು. ಒಂದೇ ಮಾತ್ರೆ ನುಂಗುವವರಿಗೆ ಹಗಲು ಹೆಚ್ಚೇನೂ ತೊಂದರೆಯಿಲ್ಲದೆ ರಾತ್ರಿಯೇ ಕಾಟವಾದರೆ, ವೈದ್ಯರು ಆ ಒಂದನ್ನು ರಾತ್ರಿ ಊಟದ ಮೊದಲಿಗೆ ಬದಲಿಸಬಹುದು. ಎರಡು ಹೊತ್ತು ಬೇಕಾದವರಿಗೆ ಎರಡನೆಯದು ಆ ಜಾಗಕ್ಕೆ ಸೇರುತ್ತದೆ. ಏಳೂವರೆಗೆ ಮಾತ್ರೆ, ಎಂಟಕ್ಕೆ ಊಟ, ಹನ್ನೊಂದಕ್ಕೆ ಹಾಸಿಗೆ. ಈ ಮೂರರ ನಡುವಿನ ಅಂತರವೇ ಅರ್ಧ ಚಿಕಿತ್ಸೆ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಬಿಡುವುದು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅರ್ಧ ಅಡಿ ಎತ್ತರದ ಮರದ ತುಂಡು ಇಡುವುದು, ಎಡಮಗ್ಗುಲಾಗಿ ಮಲಗುವುದು ಮಾತ್ರೆಯಿಂದ ಆಗದ ಕೆಲಸವನ್ನು ಮಾಡುತ್ತವೆ.

ಹೀಗೆ ಎರಡು ಹೊತ್ತು ಸರಿಯಾಗಿ ತೆಗೆದುಕೊಂಡರೂ ನಡುರಾತ್ರಿಯ ಆಮ್ಲ ಕೆಲವರನ್ನು ಬಿಡುವುದಿಲ್ಲ. ಅಂಥವರಿಗೆ ಮಲಗುವ ಹೊತ್ತಿನ ಔಷಧಿ ಬೇಕೆಂದರೆ ಅದು ಬೇರೆಯೇ ಜಾತಿಯದು. ಫ್ಯಾಮೊಟಿಡಿನ್‌ನಂಥ ಮಾತ್ರೆ ಪಂಪನ್ನು ಮುಟ್ಟುವುದಿಲ್ಲ, ಪಂಪಿಗೆ ಹಿಸ್ಟಮಿನ್ ಕೊಡುವ ಸೂಚನೆಯನ್ನೇ ತಡೆಯುತ್ತದೆ. ರಾತ್ರಿಯ ಆಮ್ಲಕ್ಕೆ ಮುಖ್ಯ ಪ್ರಚೋದನೆ ಹಿಸ್ಟಮಿನ್ ಆದ್ದರಿಂದ ಇದು ಮಲಗುವ ಹೊತ್ತಿಗೆ ಚೆನ್ನಾಗಿ ಹೊಂದುತ್ತದೆ, ಇದಕ್ಕೆ ಊಟದ ಜೊತೆಯೂ ಬೇಕಿಲ್ಲ. ಆದರೆ ದಿನವೂ ತೆಗೆದುಕೊಂಡರೆ ಒಂದೆರಡು ವಾರಗಳಲ್ಲೇ ದೇಹ ಇದಕ್ಕೆ ಒಗ್ಗಿಹೋಗಿ ಪರಿಣಾಮ ಕುಂದುತ್ತದೆ. ಮದುವೆ ಮನೆಯ ಊಟ, ತಡರಾತ್ರಿಯ ಪ್ರಯಾಣ ಎಂದು ಬೇಕಾದ ರಾತ್ರಿಗಳಿಗೆ ಸೀಮಿತವಾಗಿಟ್ಟರೆ ಅದರ ಬಲ ಉಳಿಯುತ್ತದೆ. ಮಲಗುವಾಗ ಏನಾದರೊಂದು ತೆಗೆದುಕೊಂಡರೆ ರಾತ್ರಿ ಸುಖವಾಗಿರುತ್ತದೆ ಎಂಬ ಜನರ ಅನಿಸಿಕೆಯಲ್ಲಿ ಸತ್ಯವಿಲ್ಲದಿಲ್ಲ. ಆ ‘ಏನಾದರೊಂದು’ ಯಾವುದು ಎಂಬುದರಲ್ಲಿ ಎಡವಟ್ಟಾಗಿದೆ.

ಎರಡನೆಯ ಆಕ್ಷೇಪವನ್ನು ಓದುಬರಹ ಬಲ್ಲವರೇ ಎತ್ತುತ್ತಾರೆ. ಪ್ಯಾಂಟೊಪ್ರಜೋಲ್ ಮಾತ್ರೆಯ ಮಾಹಿತಿ ಪತ್ರದಲ್ಲಿ ಆಹಾರದೊಂದಿಗೆ ಅಥವಾ ಆಹಾರವಿಲ್ಲದೆ ತೆಗೆದುಕೊಳ್ಳಬಹುದು ಎಂದಿರುತ್ತದಲ್ಲ? ಹೌದು, ಇರುತ್ತದೆ. ಆಹಾರ ಇದ್ದರೂ ಆ ಮಾತ್ರೆಯಿಂದ ರಕ್ತಕ್ಕೆ ಸೇರುವ ಒಟ್ಟು ಔಷಧಿ ಕಡಿಮೆಯಾಗುವುದಿಲ್ಲ ಎಂಬುದು ಅದರ ಆಧಾರ. ಇಸೊಮೆಪ್ರಜೋಲ್ ಮತ್ತು ಲಾನ್ಸೊಪ್ರಜೋಲ್ ವಿಷಯದಲ್ಲಿ ಹಾಗಲ್ಲ, ಊಟದ ಮೇಲೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಪ್ರಮಾಣವೇ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಪ್ಯಾಂಟೊಪ್ರಜೋಲ್‌ನಲ್ಲಿ ಪ್ರಮಾಣ ಉಳಿದರೂ ಅದು ಸೇರುವ ಹೊತ್ತು ಆಹಾರದಿಂದಾಗಿ ಎರಡು ಗಂಟೆ ಅಥವಾ ಅದಕ್ಕೂ ಹೆಚ್ಚು ಮುಂದಕ್ಕೆ ಹೋಗಬಹುದು. ಎಷ್ಟು ಸೇರಿತು ಎಂಬುದು ಒಂದು ಪ್ರಶ್ನೆ, ಯಾವಾಗ ಸೇರಿತು ಎಂಬುದು ಇನ್ನೊಂದು. ಪಂಪು ಓಡುವಾಗ ಮಾತ್ರ ಕೆಲಸ ಮಾಡುವ ಔಷಧಿಗೆ ಎರಡನೆಯ ಪ್ರಶ್ನೆ ಮೊದಲನೆಯದರಷ್ಟೇ ದೊಡ್ಡದು. ಮಾಹಿತಿ ಪತ್ರದ ಮಾತು ಸುಳ್ಳಲ್ಲ. ಊಟದ ಜೊತೆಗೆ ತೆಗೆದುಕೊಂಡು ಆರಾಮವಾಗಿರುವವರು ಬದಲಿಸಬೇಕಾಗಿಯೂ ಇಲ್ಲ. ಆರಾಮ ಸಿಗದವರಿಗೆ ಮಾತ್ರ ಹೊತ್ತು ಬದಲಿಸುವುದು ಖರ್ಚಿಲ್ಲದ, ಅಪಾಯವಿಲ್ಲದ ಮೊದಲ ಹೆಜ್ಜೆ.

ನಿಜವಾದ ಅಪವಾದಗಳೂ ಇವೆ, ಅವುಗಳನ್ನು ಹೇಳದೆ ಹೋದರೆ ವಾದ ಪೂರ್ತಿಯಾಗುವುದಿಲ್ಲ. ಡೆಕ್ಸ್‌ಲಾನ್ಸೊಪ್ರಜೋಲ್ ಕ್ಯಾಪ್ಸೂಲಿನ ಕಾಳುಗಳು ಎರಡು ಬಗೆಯವು, ಒಂದು ಬೇಗ ಕರಗಿದರೆ ಇನ್ನೊಂದು ಕೆಲವು ಗಂಟೆಗಳ ಮೇಲೆ ಕರುಳಿನಲ್ಲಿ ಇನ್ನಷ್ಟು ಕೆಳಗೆ ಕರಗುತ್ತದೆ. ಅವಕಾಶದ ಕಿಂಡಿ ಹೀಗೆ ಅಗಲವಾಗುವುದರಿಂದ ಊಟದ ಹೊತ್ತಿಗೆ ಅದನ್ನು ಕಟ್ಟಿಹಾಕಬೇಕಿಲ್ಲ. ಲೇಪವಿಲ್ಲದ ಓಮೆಪ್ರಜೋಲ್‌ಗೆ ಸೋಡಿಯಂ ಬೈಕಾರ್ಬನೇಟ್ ಬೆರೆಸಿದ ಔಷಧಿಯೂ ಇದೆ. ಅಡುಗೆಸೋಡಾವೇ ಆಗಿರುವ ಆ ಬೈಕಾರ್ಬನೇಟ್ ಆಮ್ಲವನ್ನು ತಣಿಸಿ ಔಷಧಿಯನ್ನು ಕಾಯುವುದರಿಂದ ಅದು ಬೇಗ ರಕ್ತಕ್ಕೆ ಸೇರುತ್ತದೆ. ಮಲಗುವ ಹೊತ್ತಿಗೆ ಕೊಟ್ಟಾಗ ಇದು ರಾತ್ರಿಯ ಆಮ್ಲವನ್ನು ಚೆನ್ನಾಗಿ ಹಿಡಿದಿಟ್ಟದ್ದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅದರಲ್ಲಿನ ಸೋಡಿಯಂ ಬಿಪಿ, ಹೃದಯ ಮತ್ತು ಮೂತ್ರಪಿಂಡದ ತೊಂದರೆಯಿರುವವರಿಗೆ ಹೊರೆ. ಜಪಾನಿನಲ್ಲಿ ಮೊದಲು ಬಳಕೆಗೆ ಬಂದ ವೊನೊಪ್ರಜಾನ್ ಇನ್ನೂ ಬೇರೆ. ಅದು ಪಂಪಿನ ಪೊಟ್ಯಾಸಿಯಂ ದಾರಿಗೆ ಅಡ್ಡ ನಿಲ್ಲುತ್ತದೆ, ಆಮ್ಲದಿಂದ ಕೆಡುವುದಿಲ್ಲ, ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಹಾಗಾಗಿ ತಿಂಡಿಯನ್ನು ಕಾಯುವುದಿಲ್ಲ. ಈ ಮೂರೂ ಅಪವಾದಗಳು ಒಂದೊಂದು ಬಗೆಯಲ್ಲಿ ಆ ಕಿರಿದಾದ ಕಿಂಡಿಯನ್ನೇ ಹಿಗ್ಗಿಸಲು ಹುಟ್ಟಿಕೊಂಡವು ಎಂಬುದನ್ನು ಗಮನಿಸಿದರೆ, ಸಾಮಾನ್ಯ ಮಾತ್ರೆಗಳಿಗೆ ಹೊತ್ತು ಎಷ್ಟು ಮುಖ್ಯ ಎಂಬುದು ಇನ್ನೂ ಸ್ಪಷ್ಟವಾಗುತ್ತದೆ.

ಮೂರನೆಯ ಆಕ್ಷೇಪ: ತಿಂಡಿಗೆ ಅರ್ಧ ಗಂಟೆ ಮೊದಲೇ ತೆಗೆದುಕೊಂಡೆ, ಅಂದು ರಾತ್ರಿಯೂ ಉರಿ ಬಂತು. ಒಂದು ದಿನದ ಮಾತ್ರೆಯಿಂದ ಈ ಔಷಧಿಯನ್ನು ಅಳೆಯಲಾಗದು. ಎಷ್ಟೇ ಸರಿಯಾದ ಹೊತ್ತಿಗೆ ತೆಗೆದುಕೊಂಡರೂ ಒಂದು ತಿಂಡಿ ಎಲ್ಲ ಪಂಪುಗಳನ್ನೂ ಎಬ್ಬಿಸುವುದಿಲ್ಲ. ಮೊದಲ ದಿನ ಒಂದಿಷ್ಟು ಮುಚ್ಚುತ್ತವೆ, ಎರಡನೆಯ ದಿನ ಉಳಿದವುಗಳಲ್ಲಿ ಇನ್ನಷ್ಟು. ಇತ್ತ ಹೊಸದಾಗಿ ಬರುವ ಪಂಪುಗಳೂ ಸೇರಿಕೊಳ್ಳುತ್ತವೆ. ಮುಚ್ಚುವುದೂ ಹೊಸದು ಬರುವುದೂ ಸಮತೂಕಕ್ಕೆ ಬರಲು ಮೂರರಿಂದ ಐದು ದಿನ ಬೇಕು. ಆ ಹೊತ್ತಿಗೂ ಜಠರ ಸುರಿಸಬಲ್ಲ ಗರಿಷ್ಠ ಆಮ್ಲದಲ್ಲಿ ತಗ್ಗುವುದು ಸರಾಸರಿ ಮೂರರಲ್ಲಿ ಎರಡು ಪಾಲು, ಪೂರ್ತಿಯಲ್ಲ. ಸುಟ್ಟುಹೋದ ಅನ್ನನಾಳ ಮಾಯಲು ಇದಕ್ಕೂ ಹೆಚ್ಚು ಕಾಲ, ಸಾಮಾನ್ಯವಾಗಿ ಎಂಟು ವಾರ, ಹಿಡಿಯುತ್ತದೆ. ಉರಿ ಬಂದ ದಿನ ಮಾತ್ರ ಒಂದು ನುಂಗಿ ನಾಲ್ಕು ದಿನ ಬಿಡುವವರಿಗೆ ಈ ಸಮತೂಕ ಎಂದೂ ಸಿಗುವುದಿಲ್ಲ. ಆ ಕ್ಷಣದ ಉರಿಗೆ ಇದಕ್ಕಿಂತ ಎರಡು ಚಮಚ ಆಂಟಾಸಿಡ್ ಸಿರಪ್ಪೇ ಬೇಗ ಕೆಲಸ ಮಾಡುತ್ತದೆ. ಹೊತ್ತು ಬದಲಿಸಿದ ಮೇಲೆ ಫಲ ನೋಡಬೇಕಾದರೆ ಒಂದೇ ಹೊತ್ತಿಗೆ, ತಪ್ಪದೆ, ಕನಿಷ್ಠ ಒಂದೆರಡು ವಾರ ತೆಗೆದುಕೊಂಡು ನೋಡಬೇಕು.

ನಮ್ಮ ಬೆಳಗಿನ ಪದ್ಧತಿಗೆ ಇದನ್ನು ಹೊಂದಿಸುವಾಗ ಕೆಲವು ತೊಡಕುಗಳು ಎದುರಾಗುತ್ತವೆ. ಎದ್ದ ಕೂಡಲೇ ಫಿಲ್ಟರ್ ಕಾಫಿ ಬೇಕೆನ್ನುವವರು ಮಾತ್ರೆಯನ್ನು ನೀರಿನಲ್ಲಿ ನುಂಗಿ ಕಾಫಿಯನ್ನು ತಿಂಡಿಯ ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಹಾಲು ಸಕ್ಕರೆಯ ಕಾಫಿಯೂ ಹೊಟ್ಟೆಯ ಲೆಕ್ಕದಲ್ಲಿ ಆಹಾರವೇ, ಜೊತೆಗೆ ಕಾಫಿ ಆಮ್ಲವನ್ನು ಕೆರಳಿಸುತ್ತದೆ ಕೂಡ. ಥೈರಾಯ್ಡ್ ಮಾತ್ರೆಯೂ ಇರುವವರು ಎದ್ದ ಕೂಡಲೇ ಅದನ್ನು ನುಂಗಿ, ಅರ್ಧ ಗಂಟೆ ಕಳೆದು ಇದನ್ನು, ಇನ್ನರ್ಧ ಗಂಟೆ ಕಳೆದು ತಿಂಡಿಯನ್ನು ಎಂದು ಸರದಿ ಹಾಕಿಕೊಳ್ಳಬಹುದು. ಹೊಟ್ಟೆಯ ಆಮ್ಲ ತಗ್ಗಿದಾಗ ಥೈರಾಯ್ಡ್ ಮಾತ್ರೆ ಸೇರುವುದು ಕಡಿಮೆಯಾಗಬಹುದಾದ್ದರಿಂದ ಕೆಲವು ವಾರಗಳ ಮೇಲೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ಬೆಳಿಗ್ಗೆ ತಿಂಡಿಯನ್ನೇ ತಿನ್ನದೆ ಹನ್ನೊಂದಕ್ಕೆ ಊಟ ಮಾಡುವವರು ಹತ್ತೂವರೆಗೆ ಮಾತ್ರೆ ತೆಗೆದುಕೊಳ್ಳಲಿ. ಏಕಾದಶಿಯಂದು ರಾತ್ರಿ ಮಾತ್ರ ಫಲಾಹಾರ ಮಾಡುವವರಿಗೆ ಅದಕ್ಕೆ ಅರ್ಧ ಗಂಟೆ ಮೊದಲು, ರಂಜಾನ್ ಉಪವಾಸದಲ್ಲಿರುವವರಿಗೆ ಸೆಹ್ರಿ ಊಟಕ್ಕೆ ಅರ್ಧ ಗಂಟೆ ಮೊದಲು, ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನ ಎದ್ದವರಿಗೆ ಅವರ ಮೊದಲ ಊಟಕ್ಕೆ ಅರ್ಧ ಗಂಟೆ ಮೊದಲು. ಸೂರ್ಯ ಎಲ್ಲಿದ್ದಾನೆ ಎಂಬುದು ಪಂಪಿಗೆ ತಿಳಿಯುವುದಿಲ್ಲ, ದೀರ್ಘ ಉಪವಾಸದ ಮೇಲಿನ ಮೊದಲ ತುತ್ತು ತಿಳಿಯುತ್ತದೆ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ತೊಂದರೆ ಉಳಿದರೆ ಆಗ ಸಿಗುವ ಮಾಹಿತಿಗೆ ಬೆಲೆಯಿದೆ. ತಪ್ಪು ಹೊತ್ತಿನ ಮಾತ್ರೆಯಿಂದ ಉರಿ ನಿಲ್ಲದಿದ್ದರೆ ಅದು ಏನನ್ನೂ ಹೇಳುವುದಿಲ್ಲ. ಸರಿಯಾದ ಹೊತ್ತಿನ ಮಾತ್ರೆಯಿಂದಲೂ ನಿಲ್ಲದಿದ್ದರೆ, ಬಹುಶಃ ಇದು ಆಮ್ಲದ ಕಾಯಿಲೆಯೇ ಅಲ್ಲ, ಅಥವಾ ಆಮ್ಲವೊಂದೇ ಕಾರಣವಲ್ಲ ಎಂದು ಯೋಚಿಸಲು ವೈದ್ಯರಿಗೆ ಆಧಾರ ಸಿಗುತ್ತದೆ. ಹೊಟ್ಟೆಯುಬ್ಬರ, ಗಾಳಿ, ಊಟವಾದ ಮೇಲಿನ ಭಾರ ಇವೆಲ್ಲವನ್ನೂ ನಾವು ಗ್ಯಾಸ್ಟ್ರಿಕ್ ಎಂದೇ ಕರೆದರೂ ಅವುಗಳಲ್ಲಿ ಹಲವು ಆಮ್ಲ ತಗ್ಗಿಸಿದರೆ ಹೋಗುವಂಥವಲ್ಲ. ಇನ್ನು ನುಂಗುವಾಗ ಆಹಾರ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲ ಡಾಂಬರಿನಂತೆ ಕಪ್ಪಾಗುವುದು, ರಕ್ತವಾಂತಿ ಇವು ಕಂಡರೆ ಹೊತ್ತಿನ ಲೆಕ್ಕ ಬಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ ಎದೆನೋವು, ಕೈಗೆ ದವಡೆಗೆ ಹರಿಯುವ ನೋವು, ಬೆವರು ಇವುಗಳನ್ನು ಗ್ಯಾಸ್ ಎಂದುಕೊಂಡು ಮಾತ್ರೆ ನುಂಗಿ ಕಾಯುವುದು ಪ್ರಾಣಕ್ಕೆ ಎರವಾದೀತು.

ಪ್ರಮಾಣ ದುಪ್ಪಟ್ಟು ಮಾಡುವುದು, ದುಬಾರಿ ಕಂಪನಿಯ ಮಾತ್ರೆಗೆ ಬದಲಿಸುವುದು, ಪರೀಕ್ಷೆಗೆ ಬರೆಯುವುದು, ಇವೆಲ್ಲಕ್ಕೂ ಮುಂಚೆ ಮಾಡಬೇಕಾದದ್ದು ಆ ಒಂದು ಪ್ರಶ್ನೆ ಕೇಳುವುದು. ವೈದ್ಯರು ಚೀಟಿಯಲ್ಲಿ 1-0-0 ಎಂದು ನಿಲ್ಲಿಸದೆ, ನಿಮ್ಮ ಮನೆಯಲ್ಲಿ ತಿಂಡಿ ಎಷ್ಟು ಗಂಟೆಗೆ ಎಂದು ಕೇಳಿ, ‘ತಿಂಡಿ 8:30, ಮಾತ್ರೆ 8:00’ ಎಂದು ಬರೆದರೆ ತಪ್ಪಿಗೆ ಜಾಗವೇ ಉಳಿಯುವುದಿಲ್ಲ. ಅವರು ಬರೆಯದಿದ್ದರೆ ಔಷಧಿ ಅಂಗಡಿಯವರು ಮಾತ್ರೆ ಪಟ್ಟಿಯ ಹಿಂದೆ ಪೆನ್ನಿನಲ್ಲಿ ಬರೆದುಕೊಡಬಹುದು, ಅದೂ ಆಗದಿದ್ದರೆ ನಾವೇ ಬರೆದುಕೊಳ್ಳಬಹುದು. ಆಮೇಲೆ ಪಟ್ಟಿಯನ್ನು ದಿಂಬಿನ ಪಕ್ಕದಿಂದ ತೆಗೆದು ಹಲ್ಲುಜ್ಜುವ ಬ್ರಷ್ಷಿನ ಪಕ್ಕಕ್ಕೆ ಇಟ್ಟರೆ ಸಾಕು.